ಐನ್‌ಮನೆ ಮಾರುವ ಸೀನು ಕೊಡಗಿನಲ್ಲಿ ನಡೆಯಲಿಲ್ಲ

ಮೂಲ ಮಲಯಾಳಂ ಸಿನಿಮಾದ ಕೊನೆಯಲ್ಲಿ ಅಪ್ಪ ಹಳೇ ತರವಾಡಿನ, ಅಂದರೆ ಕೂಡುಕುಟುಂಬದ ಮನೆಯ ಬೀಗದ ಕೈಯನ್ನು ಕೊಂಡುಕೊಂಡವನಿಗೆ ಕೊಡುತ್ತಾನೆ. ಒಂದು ಟ್ರಂಕ್ ಹಿಡಿದು, ಚಹಾ ಅಂಗಡಿಯ ಮೇಲಿನ ಬಾಡಿಗೆ ರೂಮಿಗೆ ಹೋಗುತ್ತಾನೆ. ಸಿನಿಮಾ ಅಲ್ಲಿಗೆ ಮುಗಿಯಿತು. ಮನೆ ಮಾರಿಸಿದ್ದು ಗಲ್ಫ್‌ನಲ್ಲಿ ಸೋತು ಸಾಲ ಮಾಡಿಕೊಂಡು ಬಂದ ಮಗ. ಕೇರಳದಲ್ಲಿ ಚೆನ್ನಾಗಿ ಓಡಿದ ಸಿನಿಮಾ. ಅದರ ಕನ್ನಡ ಹಕ್ಕು ತಗೊಂಡ ಬೆಂಗಳೂರಿನ ನಿರ್ಮಾಪಕರು ಕಥೆಯನ್ನು ಕೊಡಗಿನಲ್ಲಿ ಇಡೋಣ ಅಂದರು. ವಿರಾಜಪೇಟೆಯಲ್ಲಿರುವ ನನಗೆ ಚಿತ್ರಕಥೆಯನ್ನು ಇಲ್ಲಿಗೆ ಒಗ್ಗಿಸಿ ಸಂಭಾಷಣೆ ಬರೆಯುವ ಕೆಲಸ ಸಿಕ್ಕಿತು. ಪೇಟೆಯ ಒಡನಾಟದಿಂದ ಮಲಯಾಳಂ ನನಗೆ ಬರುತ್ತದೆ, ಅದಕ್ಕೇ ಕರೆದಿರಬೇಕು.

ನಾನು ಮೊದಲು ಮಾಡಿದ್ದು ಸೀನ್ ಆರ್ಡರ್. ಸಿನಿಮಾ ನಿಲ್ಲಿಸಿ ನಿಲ್ಲಿಸಿ ನೋಡಿ, ಪ್ರತಿ ಸೀನಿಗೂ ಎರಡು ವಿಷಯ ಬರೆದುಕೊಂಡೆ. ಒಂದು, ಇಲ್ಲಿ ಏನು ನಡೆಯುತ್ತದೆ. ಇನ್ನೊಂದು, ಈ ಸೀನ್ ಮುಗಿದಾಗ ನೋಡುವವನಿಗೆ ಹೊಸದಾಗಿ ಏನು ಗೊತ್ತಾಗಿದೆ. ಮೊದಲನೆಯದನ್ನು ಎಷ್ಟು ಬೇಕಾದರೂ ಬದಲಿಸಬಹುದು. ಎರಡನೆಯದನ್ನು ಮುಟ್ಟಿದರೆ ಮುಂದಿನ ಸೀನುಗಳು ಒಂದೊಂದಾಗಿ ಬಿದ್ದುಹೋಗುತ್ತವೆ.

ಕೊನೆಯ ಸೀನಿಗೆ ಬಂದಾಗ ಕೆಲಸ ನಿಂತಿತು. ತರವಾಡು ಅಂದರೆ ಕೊಡಗಿನಲ್ಲಿ ಐನ್‌ಮನೆ ಅಂತ ನಿರ್ಮಾಪಕರು ಆಗಲೇ ತೀರ್ಮಾನ ಮಾಡಿದ್ದರು. ನೋಡಲಿಕ್ಕೆ ಹೌದು, ಎರಡೂ ಹಳೇ ದೊಡ್ಡ ಮನೆಗಳೇ. ಆದರೆ ಕೇರಳದಲ್ಲಿ ಹಿಂದೂ ಕೂಡುಕುಟುಂಬ ಪದ್ಧತಿಯನ್ನೇ ತೆಗೆದುಹಾಕುವ ಕಾನೂನು 1975ರಲ್ಲಿ ಬಂತು, 1976ರ ಡಿಸೆಂಬರ್‌ನಿಂದ ಜಾರಿಯಾಯಿತು. ತರವಾಡುಗಳು ಪಾಲಾದವು. ಹಳೇ ಮನೆ ಒಬ್ಬನ ಹೆಸರಿಗೆ ಬರುವುದು, ಅವನು ಅದನ್ನು ಮಾರುವುದು, ಕೊಂಡವನು ಮರ ಬಿಚ್ಚಿಕೊಂಡು ಹೋಗುವುದು ಅಲ್ಲಿನವರು ಕಣ್ಣಾರೆ ಕಂಡ ವಿಷಯ. ಐನ್‌ಮನೆ ಹಾಗಲ್ಲ. ಅದು ಇಡೀ ಒಕ್ಕದ್ದು, ಅಂದರೆ ಒಂದೇ ಮನೆತನದ ಎಲ್ಲರದ್ದು. ಒಕ್ಕದವರು ತಮ್ಮ ತಮ್ಮ ತೋಟಗಳಲ್ಲಿ ಬೇರೆ ಬೇರೆ ಮನೆ ಕಟ್ಟಿಕೊಂಡು ಇರುತ್ತಾರೆ. ಆದರೂ ಐನ್‌ಮನೆಯ ನಡುಮನೆಯಾದ ನೆಲ್ಲಕ್ಕಿಯಲ್ಲಿ ದೀಪ ಹಚ್ಚಬೇಕು, ಹಿರಿಯರಾದ ಕಾರಣವರಿಗೆ ಕೊಡುವುದು ಕೊಡಬೇಕು, ಸುಗ್ಗಿಯ ಹಬ್ಬ ಪುತ್ತರಿಗೆ ಎಲ್ಲರೂ ಸೇರಬೇಕು.

ನನಗೆ ಪರಿಚಯದ ಒಬ್ಬ ಪಟ್ಟೆದಾರರಿಗೆ, ಅಂದರೆ ಒಕ್ಕದ ಯಜಮಾನರಿಗೆ ಕಥೆ ಹೇಳಿದೆ. ಅವರು ಕೊನೆಯವರೆಗೂ ಸುಮ್ಮನೆ ಕೇಳಿದರು. ಆಮೇಲೆ, "ಅಪ್ಪ ಕೀಲಿ ಕೊಡ್ತಾನೆ ಅಂತೀರಲ್ಲ, ಕೊಡೋಕೆ ಅವನ್ಯಾರು?" ಅಂದರು. ಮನೆ ಮಾರಿದ ದುಃಖ ಅವರಿಗೆ ತಟ್ಟಲೇ ಇಲ್ಲ. ಲೆಕ್ಕ ತಪ್ಪಿದ್ದಷ್ಟೇ ಕಂಡಿತು. ಥಿಯೇಟರ್‌ನಲ್ಲೂ ಇದೇ ಆಗುತ್ತದೆ. ಇದು ಸಾಧ್ಯವೇ ಇಲ್ಲ ಅಂತ ನೋಡುವವನಿಗೆ ಅನ್ನಿಸಿದ ಕ್ಷಣವೇ ಅಳು ನಿಲ್ಲುತ್ತದೆ. ಜನ ಸುಖಾಂತ ಕೇಳುತ್ತಾರೆ, ಅದಕ್ಕೇ ರಿಮೇಕ್‌ನಲ್ಲಿ ಕೊನೆ ಬದಲಾಗುತ್ತದೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅದೂ ಇದೆ, ಅದಕ್ಕೆ ಬರ್ತೀನಿ. ನಮ್ಮಲ್ಲಿ ಮೊದಲ ಕಾರಣ ಮಾತ್ರ ಆಸ್ತಿಯ ಲೆಕ್ಕ.

ಸೀನ್ ಆರ್ಡರ್‌ನಲ್ಲಿ ಕೊನೆಯ ಸೀನಿಗೆ ನಾನು ಬರೆದುಕೊಂಡದ್ದು ಇಷ್ಟು: 'ತನ್ನ ಮನೆಯಲ್ಲಿ ಯಜಮಾನನಾಗಿದ್ದವನು ಇನ್ನು ಬೇರೆಯವರ ಸೂರಿನಡಿ ಬದುಕಬೇಕು.' ಮನೆ ಮಾರದೆ ಇದನ್ನು ಹೇಗೆ ತೋರಿಸುವುದು? ದಾರಿ ಐನ್‌ಮನೆಯಲ್ಲೇ ಇತ್ತು. ಮಗ ಮಾರಿಸುವುದು ಅಪ್ಪ ಸ್ವಂತ ದುಡ್ಡಿನಲ್ಲಿ ಕೊಂಡು ಬೆಳೆಸಿದ ತೋಟವನ್ನು, ಅದರೊಳಗಿನ ಸಣ್ಣ ಮನೆಯನ್ನು. ತೋಟ ಹೋದ ಮೇಲೆ ಅಪ್ಪನಿಗೆ ಉಳಿಯುವುದು ಐನ್‌ಮನೆಯ ಒಂದು ಕೋಣೆ. ದೀಪ ಹಚ್ಚಿಕೊಂಡು, ಅಂಗಳ ಗುಡಿಸಿಕೊಂಡು ಅಲ್ಲಿರುತ್ತಾನೆ. ಒಕ್ಕದ ಎಲ್ಲರಿಗೂ ಹಕ್ಕಿರುವ ಮನೆ, ಅವನೊಬ್ಬನದಲ್ಲ. ಮಲಯಾಳಂನಲ್ಲಿ ಅಪ್ಪ ದೊಡ್ಡ ಮನೆ ಬಿಟ್ಟು ಸಣ್ಣ ರೂಮಿಗೆ ಹೋಗುತ್ತಾನೆ. ನಮ್ಮಲ್ಲಿ ಸಣ್ಣ ಮನೆ ಬಿಟ್ಟು ದೊಡ್ಡ ಮನೆಗೆ. ಪಟ್ಟೆದಾರರು ಇದನ್ನು ಒಪ್ಪಿದರು. ಅಂಥವರು ಒಬ್ಬಿಬ್ಬರನ್ನು ಅವರೂ ಬಲ್ಲರಂತೆ.

ಈಗ ಸುಖಾಂತದ ವಿಷಯ. ಮೂಲದಲ್ಲಿ ಮಗನ ಪಾತ್ರ ಮಾಡಿದವರು ಸ್ಟಾರ್ ಅಲ್ಲ. ಹಾಗಾಗಿ ಅವನು ಸ್ವಾರ್ಥಿಯಾಗಿಯೇ ಉಳಿದರೂ ನಡೆಯಿತು. ಕನ್ನಡದಲ್ಲಿ ಆ ಪಾತ್ರಕ್ಕೆ ಹೆಸರಿರುವ ಹೀರೋ ಬಂದರು. ಆ ಕೂಡಲೇ ಎರಡು ಬದಲಾವಣೆ ತಾನಾಗಿ ಬಂದವು. ಸಾಲಕ್ಕೆ ಕ್ಷಮಿಸಬಹುದಾದ ಕಾರಣ ಬೇಕು. ಮತ್ತೆ, ಹೀರೋ ಬೇಗ ಬರಬೇಕು.

ಇದು ನಮ್ಮ ನಿರ್ಮಾಪಕರ ಹಟ ಅಲ್ಲ, ಹಳೇ ಕಥೆ. 1993ರ 'ಮಣಿಚಿತ್ರತ್ತಾಳ್' ನೋಡಿ. ಮೋಹನ್‌ಲಾಲ್ ಬರುವಷ್ಟರಲ್ಲಿ ಹತ್ತಿರ ಹತ್ತಿರ ಅರ್ಧ ಸಿನಿಮಾ ಮುಗಿದಿರುತ್ತದೆ. ಅದೇ ಕಥೆ 2005ರಲ್ಲಿ ತಮಿಳಿನ 'ಚಂದ್ರಮುಖಿ' ಆದಾಗ ರಜನಿಕಾಂತ್ ಶುರುವಿನಲ್ಲೇ ಫೈಟು, ಹಾಡಿನ ಜೊತೆ ಬರುತ್ತಾರೆ. ರಜನಿ ಸಿನಿಮಾಕ್ಕೆ ಟಿಕೆಟ್ ಕೊಂಡವನನ್ನು ಅಷ್ಟು ಹೊತ್ತು ಕಾಯಿಸಲಿಕ್ಕೆ ಆಗುತ್ತಾ?

ಸಾಲದ ಕಾರಣಕ್ಕೆ ಗಲ್ಫ್ ಬಿಟ್ಟು 2018ರ ಆಗಸ್ಟ್ ತಂದೆ. ಆ ಮಳೆಗೆ ಗುಡ್ಡ ಜಾರಿ ತೋಟ, ಮನೆ ಕಳೆದುಕೊಂಡವರು ಇಲ್ಲಿ ಇನ್ನೂ ನಮ್ಮ ನಡುವೆ ಇದ್ದಾರೆ. ಹೋಂಸ್ಟೇ ಕಟ್ಟಲು ಸಾಲ ತೆಗೆದ ಮಗ, ಆ ಮಳೆಯಲ್ಲಿ ಕಟ್ಟಡ ಕಳೆದುಕೊಂಡ. ಸಾಲ ಮಾತ್ರ ಉಳಿಯಿತು. ಮೂಲಕ್ಕಿಂತ ಇದು ಗಟ್ಟಿ ಅಂತಲೇ ನನ್ನ ಅಭಿಪ್ರಾಯ. ನಷ್ಟ ಕೂಡ ಇದೆ. ಮಗನ ತಪ್ಪು ಕಡಿಮೆಯಾದಷ್ಟೂ ಅಪ್ಪನ ಸಿಟ್ಟು ತೆಳ್ಳಗಾಯಿತು. ಅದನ್ನು ಸರಿದೂಗಿಸಲು ಮಗ ತೋಟ ಮಾರಾಟಕ್ಕಿಟ್ಟ ಸುದ್ದಿ ಅಪ್ಪನಿಗೆ ಬೇರೆಯವರಿಂದ ಗೊತ್ತಾಗುವ ಹಾಗೆ ಮಾಡಿದೆ.

ಆ ಸುದ್ದಿಯೇ ತಮಾಷೆಯ ಸೀನಿನಲ್ಲಿ ಬರುತ್ತದೆ. ಮೂಲದಲ್ಲಿ ಚಹಾ ಅಂಗಡಿ. ಎರಡು ಪಕ್ಷದ ಇಬ್ಬರು ಒಂದೇ ಪೇಪರ್ ಹಿಡಿದು ಹರತಾಳದ ಬಗ್ಗೆ ಜಗಳ ಆಡುತ್ತಾರೆ. ಜಗಳದ ನಡುವೆ ಮಗನ ಸಾಲದ ಮಾತು ಜಾರಿ ಬೀಳುತ್ತದೆ. ಕೇರಳದಲ್ಲಿ ನಗು ಉಕ್ಕುವ ಜಾಗ ಇದು. ಹಾಗೇ ಕನ್ನಡಕ್ಕೆ ಇಳಿಸಿ ಓದಿಸಿದಾಗ ಯಾರೂ ನಗಲಿಲ್ಲ. ನಮ್ಮಲ್ಲೂ ರಾಜಕೀಯದ ಜಗಳ ಇದೆ, ಆದರೆ ಪಕ್ಷದ ಮೇಲೆ ಮನುಷ್ಯನ ದಿನಚರಿಯೇ ನಿಂತಿರುವುದಿಲ್ಲ.

ಕೊಡಗಿನಲ್ಲಿ ಬದುಕಿನ ತುಂಬಾ ಹಬ್ಬಿರುವುದು ಮಿಲಿಟರಿ. ಹಾಗಾಗಿ ಸೀನನ್ನು ಮಿಲಿಟರಿ ಕ್ಯಾಂಟೀನ್ ಸಾಲಿಗೆ ತಂದೆ. ತಿಂಗಳ ಕೋಟಾದ ರಮ್‌ಗಾಗಿ ರಿಟೈರ್ಡ್ ಜನ ನಿಂತಿದ್ದಾರೆ, ಅಪ್ಪನೂ ಇದ್ದಾನೆ. ನಿವೃತ್ತಿಯಾಗಿ ಎಷ್ಟೋ ವರ್ಷ ಆದರೂ ಹವಾಲ್ದಾರ್ ಹವಾಲ್ದಾರೇ, ಸುಬೇದಾರ್ ಸುಬೇದಾರೇ.

"ಸಾಹೇಬ್ರೇ, ಒಂದು ರಿಪೋರ್ಟ್ ಇದೆ."

"ಹೇಳು."

"ನಿಮ್ಮ ತೋಟ ನೋಡ್ಲಿಕ್ಕೆ ಮೈಸೂರಿಂದ ಪಾರ್ಟಿ ಬಂದಿತ್ತು."

"ಯಾರು ಕಳಿಸಿದ್ದು?"

"ಅದು ನನ್ನ ರ‍್ಯಾಂಕಿಗೆ ಮೀರಿದ್ದು ಸಾಹೇಬ್ರೇ. ಮನೇಲಿ ಕೇಳಿ."

ಸಾಲಿನಲ್ಲಿದ್ದವರು ನಗುತ್ತಾರೆ, ಅಪ್ಪ ನಗುವುದಿಲ್ಲ. ಮಗನೇ ಮಾರಲು ಹೊರಟಿದ್ದಾನೆ ಅಂತ ನೋಡುವವನಿಗೂ ಆಗಲೇ ಗೊತ್ತಾಗುತ್ತದೆ. ಹರತಾಳ ಹೋಯಿತು, ಅಂಗಡಿ ಹೋಯಿತು. ಸೀನು ಮಾಡಬೇಕಾದ ಕೆಲಸ ಉಳಿಯಿತು.

ನಿರ್ಮಾಪಕರು ಕೇಳಿದ ಇನ್ನೆರಡು ತಮಾಷೆಗಳನ್ನು ನಾನು ಬರೆಯಲಿಲ್ಲ. ಒಂದು, ಕೋವಿ ಹಿಡಿದು ಕುಡಿದು ತೂರಾಡುವ ಕೊಡವ. ಕೊಡಗಿನವರು ಅದನ್ನು ನೋಡಿ ನೋಡಿ ಸಾಕಾಗಿದ್ದಾರೆ. ಇನ್ನೊಂದು, ಕನ್ನಡ ಎಡವಟ್ಟು ಮಾಡಿ ಮಾತಾಡುವ ಮಲಯಾಳಿ ಬೇಕರಿಯವನು. ಬೆಂಗಳೂರಿನಲ್ಲಿ ಅದಕ್ಕೆ ನಗು ಗ್ಯಾರಂಟಿ. ವಿರಾಜಪೇಟೆಯಲ್ಲಿ ಅಂಥ ಬೇಕರಿಯವರು ನಮ್ಮ ಪಕ್ಕದ ಸೀಟಿನಲ್ಲೇ ಕೂತು ಸಿನಿಮಾ ನೋಡುತ್ತಾರೆ. ಕನ್ನಡವನ್ನೂ ನಮ್ಮಷ್ಟೇ ಚೆನ್ನಾಗಿ ಮಾತಾಡುತ್ತಾರೆ!

ಹಾಡುಗಳ ವಿಷಯದಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ರಿಮೇಕ್ ಹಕ್ಕು ಕೊಂಡರೆ ಸಾಮಾನ್ಯವಾಗಿ ಕಥೆ, ಚಿತ್ರಕಥೆ ಸಿಗುತ್ತದೆ. ಟ್ಯೂನ್ ಆಡಿಯೋ ಕಂಪನಿಯ ಕೈಯಲ್ಲಿರುತ್ತದೆ, ಅದಕ್ಕೆ ಬೇರೆ ದುಡ್ಡು. ಜೊತೆಗೆ ಇಲ್ಲಿನ ಆಡಿಯೋ ಕಂಪನಿಗೂ ಹೊಸ ಹಾಡೇ ಬೇಕು. ಹೀಗೆ ಎಷ್ಟೋ ಸಲ ಕಲೆಯ ಮಾತು ಶುರುವಾಗುವ ಮೊದಲೇ ಹಳೇ ಹಾಡು ಹೊರಗೆ ಹೋಗಿರುತ್ತದೆ.

ಹೊಸ ಹಾಡು ಬರೆಸುವಾಗ ಹಳೆಯದು ಕಥೆಯಲ್ಲಿ ಏನು ಮಾಡುತ್ತಿತ್ತು ಅಂತ ನೋಡಬೇಕು. ಇದಕ್ಕೆ 'ಮಣಿಚಿತ್ರತ್ತಾಳ್' ಹಾಡಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅಲ್ಲಿ ನಾಯಕಿ ತಾನೇ ಅಂದುಕೊಳ್ಳುವ ನಾಗವಲ್ಲಿ ತಂಜಾವೂರಿನ ನರ್ತಕಿ, ತಮಿಳಿನಲ್ಲಿ ಹಾಡುತ್ತಾಳೆ. ಮಲಯಾಳಿ ಹೆಣ್ಣಿನ ಬಾಯಲ್ಲಿ ತಮಿಳು ಬಂದಾಗಲೇ ಇವಳೊಳಗೆ ಬೇರೆ ಯಾರೋ ಇದ್ದಾರೆ ಅಂತ ಮೈ ಜುಮ್ಮೆನ್ನುವುದು. 2004ರಲ್ಲಿ ಪಿ. ವಾಸು ಅದನ್ನು ಕನ್ನಡದಲ್ಲಿ 'ಆಪ್ತಮಿತ್ರ' ಮಾಡಿದಾಗ ನಾಗವಲ್ಲಿ ತೆಲುಗಿನವಳಾದಳು. ಅವರೇ 'ಚಂದ್ರಮುಖಿ' ಮಾಡುವಾಗ ತಮಿಳು ಹೇಗೂ ಆಗುತ್ತಿರಲಿಲ್ಲ, ನೋಡುವವರ ಭಾಷೆಯೇ ಅದು. ಅಲ್ಲೂ ತೆಲುಗನ್ನೇ ಉಳಿಸಿಕೊಂಡರು. 2007ರ ಹಿಂದಿ 'ಭೂಲ್ ಭುಲಯ್ಯಾ'ದಲ್ಲಿ ಅವಳು ಬಂಗಾಳಿ. ಟ್ಯೂನ್, ಭಾಷೆ, ಊರು ಎಲ್ಲ ಬದಲಾದವು. ಕಿವಿಗೆ ಬೀಳುವ ಪರಿಚಯದ, ಆದರೆ ಮನೆಯದಲ್ಲದ ಭಾಷೆ ಅನ್ನುವ ಲೆಕ್ಕ ಮಾತ್ರ ಬದಲಾಗಲಿಲ್ಲ.

ನಮ್ಮ ಮೂಲದಲ್ಲಿ ಒಂದು ಓಣಂ ಹಾಡು ಇತ್ತು. ಹಬ್ಬಕ್ಕೆ ಎಲ್ಲರೂ ಬಂದಿದ್ದಾರೆ, ಅಪ್ಪನ ಮನೆ ತುಂಬಿದೆ. ಕೊನೆಗೆ ಅದೇ ಮನೆ ಖಾಲಿಯಾಗಬೇಕಲ್ಲ, ಅದಕ್ಕೆ ಆ ಹಾಡು. ಇಲ್ಲಿ ಅದು ಪುತ್ತರಿಯಾಯಿತು. ಸಂಗೀತ ನಿರ್ದೇಶಕರು ಡಮ್ಮಿ ಸಾಹಿತ್ಯದ ಜೊತೆ ಕಳಿಸಿದ ಮೊದಲ ಟ್ಯೂನ್ ಯಾವ ಊರಿನ ಜಾತ್ರೆಗಾದರೂ ಆಗುತ್ತಿತ್ತು. ದುಡಿ ಬಾರಿಸಿ ಹಾಡುವವರನ್ನು ಕರೆಸಿ ರೆಕಾರ್ಡ್ ಮಾಡಿ ಕಳಿಸಿದೆವು. ಕೊನೆಗೆ ಶುರು ದುಡಿಯಲ್ಲಿ, ಪಲ್ಲವಿ ಕನ್ನಡದಲ್ಲಿ, ಮುಗಿಯುವುದು ವಾಲಗದಲ್ಲಿ ಅಂತ ಆಯಿತು. ಇಡೀ ಹಾಡು ಕೊಡವ ತಕ್ಕ್‌ನಲ್ಲಿ ಇರಲಿ ಅಂತ ನನಗೆ ಆಸೆ ಇತ್ತು. ಸಿನಿಮಾಕ್ಕಿಂತ ಮೊದಲೇ ಹಾಡು ಬಿಟ್ಟು ಜನರನ್ನು ಸೆಳೆಯಬೇಕು, ಹುಬ್ಬಳ್ಳಿಯವರಿಗೂ ಗುನುಗಲು ಬರಬೇಕು ಅನ್ನುವ ನಿರ್ಮಾಪಕರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕುಪ್ಯ ಚೇಲೆ ತೊಟ್ಟು ಹಿಂದೆ ಹೆಜ್ಜೆ ಹಾಕುವವರು ಇಲ್ಲಿಯವರೇ ಇರಬೇಕು, ಡ್ಯಾನ್ಸ್ ಗ್ರೂಪಿನವರು ಬೇಡ ಅಂತ ಮಾತ್ರ ಹಟ ಹಿಡಿದೆ. ಆ ಉಡುಪನ್ನು ಬೇಕಾಬಿಟ್ಟಿ ಬಳಸಿದರೆ ಇಲ್ಲಿ ಜನ ಸುಮ್ನೆ ಇರುವುದಿಲ್ಲ.

ಇದೇ ಪುತ್ತರಿ ಕೊನೆಯ ಜಗಳವನ್ನೂ ಬಗೆಹರಿಸಿತು. ಮಗ ದುಡ್ಡು ಸಂಪಾದಿಸಿ ತೋಟ ವಾಪಸ್ ಕೊಂಡು ಅಪ್ಪನ ಕಾಲಿಗೆ ಬೀಳಲಿ ಅನ್ನುವುದು ನಿರ್ಮಾಪಕರ ಕೋರಿಕೆ. ಮಾರಿದ ತೋಟವನ್ನು ವರ್ಷದೊಳಗೆ ವಾಪಸ್ ಕೊಳ್ಳುವವನು ಮೊದಲು ಮಾರುತ್ತಲೇ ಇರಲಿಲ್ಲ ಅಂದೆ. ಅದರ ಬದಲು ಮುಂದಿನ ಪುತ್ತರಿಗೆ ಮಗ ಐನ್‌ಮನೆಗೆ ಬರುತ್ತಾನೆ. ಒಕ್ಕದವನು, ಬರಬೇಡ ಅನ್ನುವ ಹಕ್ಕು ಅಪ್ಪನಿಗೂ ಇಲ್ಲ. ಎಲ್ಲರ ಜೊತೆ ಗದ್ದೆಗೆ ಹೋಗುತ್ತಾನೆ, ಕೋವಿ ಹಾರುತ್ತದೆ, ಕದಿರು ಕೊಯ್ಯುತ್ತಾರೆ, 'ಪೊಲಿ ಪೊಲಿ ದೇವಾ' ಅಂತ ಕೂಗುತ್ತಾರೆ. ಊಟಕ್ಕೆ ಅಪ್ಪ, ಮಗ ಒಂದೇ ಸಾಲಿನಲ್ಲಿ ಕೂರುತ್ತಾರೆ. ಮಾತು ಇಲ್ಲ. ಬೆಂಗಳೂರಿನಲ್ಲಿ ಇದನ್ನು ರಾಜಿ ಅಂತ ಓದಿಕೊಂಡರು, ನಿರ್ಮಾಪಕರಿಗೆ ಅಷ್ಟೇ ಬೇಕಿತ್ತು. ಮಡಿಕೇರಿಯಲ್ಲಿ ನೋಡಿದವರು, "ಹಬ್ಬಕ್ಕೆ ಬಂದಿದ್ದಾನೆ, ಅಷ್ಟೇ. ಇನ್ನೂ ಮಾತು ಬಿಟ್ಟೇ ಇದ್ದಾರೆ" ಅಂದರು.

ಈಗ ತಮಿಳಿನವರು ಇದೇ ಕಥೆ ಕೇಳುತ್ತಿದ್ದಾರೆ. ಕಾರೈಕುಡಿಯ ಚೆಟ್ಟಿನಾಡು ಮನೆಯಲ್ಲಿ ಇಡಬೇಕಂತೆ, ಕನ್ನಡದ ಕೊನೆಯನ್ನೇ ತಗೊಳ್ಳಲಾ ಅಂತ ಫೋನ್ ಮಾಡಿದ್ದರು. ಅಲ್ಲಿನ ದೊಡ್ಡ ಮನೆಗಳಿಗೂ ಹತ್ತಾರು ವಾರಸುದಾರರು ಇರುತ್ತಾರೆ. ಆದರೆ ಎಲ್ಲರೂ ಸಹಿ ಹಾಕಿದರೆ ಮನೆ ಮಾರಾಟವಾಗುತ್ತದೆ, ಕಂಬ ಬಾಗಿಲು ಹಳೇ ಸಾಮಾನಿನ ಅಂಗಡಿಗೆ ಹೋಗುತ್ತವೆ. ಹಾಗಿದ್ದರೆ ನಮ್ಮ ಪುತ್ತರಿ ಬೇಡ, ಸಹಿ ಹಾಕದೆ ಉಳಿದ ಒಬ್ಬ ವಾರಸುದಾರನಾಗಿ ಅಪ್ಪನನ್ನು ಇಡಿ ಅಂದೆ. ಬರೆದು ಕಳಿಸಿ ಅಂದಿದ್ದಾರೆ.