ಡಾಲರ್ ಇಂಡೆಕ್ಸ್ ಪಕ್ಕದಲ್ಲಿಟ್ಟು ನಿಫ್ಟಿ ಚಾರ್ಟ್ ನೋಡೋದು: ನನ್ನ ಅನುಭವ

ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಬರ್ಮಾದಿಂದ, ಆಫ್ರಿಕಾದಿಂದ ಬರುವ ತೊಗರಿಗೆ ಡಾಲರ್‌ನಲ್ಲೇ ದರ ಕಟ್ಟುತ್ತಾರೆ, ಹಾಗಾಗಿ ರೂಪಾಯಿ ಎಲ್ಲಿದೆ ಅಂತ ದಿನಾ ನೋಡೋದು ಕೆಲಸದ ಭಾಗವೇ. ಅಲ್ಲಿಂದ ಡಾಲರ್ ಇಂಡೆಕ್ಸ್‌ಗೆ ಬಂದೆ, ಅಲ್ಲಿಂದ ನಿಫ್ಟಿಗೆ. ಡಾಲರ್ ಏರಿದರೆ ವಿದೇಶಿ ಹಣ ಹೊರಗೆ ಹೋಗುತ್ತದೆ, ನಿಫ್ಟಿ ಇಳಿಯುತ್ತದೆ ಅನ್ನೋದು ಪುಸ್ತಕದ ಲೆಕ್ಕ. ಗಂಜ್‌ನ ಗೆಳೆಯನೊಬ್ಬ ಆಗಾಗ ಫೋನ್ ಮಾಡುತ್ತಾನೆ: "ಅಣ್ಣಾ, ಡಾಲರ್ ಏರಲತ್ತದಲ್ರೀ, ನಾಳೆ ಪುಟ್ ತಗೊಳ್ಲೇನು?" ಬೇಡ ಅಂತಲೇ ಹೇಳುತ್ತೇನೆ. ಒಂದು ದಿನದ ಏರಿಳಿತಕ್ಕೆ ಇದು ಕೆಲಸಕ್ಕೆ ಬರೋದಿಲ್ಲ. ವಾರ, ತಿಂಗಳ ಲೆಕ್ಕದಲ್ಲಿ ಮಾತ್ರ ಬರುತ್ತದೆ.

ಮೊದಲು ಈ ಇಂಡೆಕ್ಸ್ ಒಳಗೆ ಏನಿದೆ ಅಂತ ನೋಡಬೇಕು. 1973ರ ಮಾರ್ಚ್‌ನಲ್ಲಿ 100 ಅಂತ ಇಟ್ಟು ಶುರು ಮಾಡಿದ ಲೆಕ್ಕ ಇದು. ಆರೇ ಕರೆನ್ಸಿಗಳ ಎದುರು ಡಾಲರ್ ಎಷ್ಟು ಗಟ್ಟಿ ಅಂತ ಅಳೆಯುತ್ತದೆ. ಯೂರೋ ಒಂದೇ ಶೇ. 57.6. ಉಳಿದದ್ದು ಯೆನ್, ಪೌಂಡ್, ಕೆನಡಾ ಡಾಲರ್, ಸ್ವೀಡನ್ನಿನ ಕ್ರೋನಾ, ಸ್ವಿಸ್ ಫ್ರಾಂಕ್. ರೂಪಾಯಿ ಇಲ್ಲ, ಚೀನಾದ ಯುವಾನ್ ಇಲ್ಲ, ಕೊರಿಯಾದ್ದೂ ಇಲ್ಲ. ಅಂದರೆ ಯೂರೋಪಿನಲ್ಲಿ ಏನಾದರೂ ಆದರೂ ಇದು ಓಡುತ್ತದೆ, ನಮಗೂ ಅದಕ್ಕೂ ಸಂಬಂಧವೇ ಇಲ್ಲದಿರಬಹುದು. ಅದಕ್ಕೇ ಅಮೆರಿಕದ ಫೆಡ್ ಕೊಡುವ ಬ್ರಾಡ್ ಡಾಲರ್ ಇಂಡೆಕ್ಸ್ ಜೊತೆ ತಾಳೆ ನೋಡುತ್ತೇನೆ, ಅದರಲ್ಲಿ ಚೀನಾ, ಮೆಕ್ಸಿಕೋ, ಭಾರತ ಎಲ್ಲ ಇವೆ. ಎರಡೂ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಮಾತ್ರ ಡಾಲರ್ ಟ್ರೆಂಡ್ ಅಂತ ಒಪ್ಪುತ್ತೇನೆ.

ನನ್ನ ಸ್ಕ್ರೀನ್‌ನಲ್ಲಿ ಇರೋದು ಇಷ್ಟೇ, ಎಲ್ಲವೂ ವಾರದ ಚಾರ್ಟ್:

```
TVC:DXY
NSE:NIFTY
NSE:NIFTY/FX_IDC:USDINR
AMEX:EEM
```

ಮೂರನೇ ಸಾಲು ನೋಡಿ, ಅದು ಡಾಲರ್‌ನಲ್ಲಿ ನಿಫ್ಟಿ. ವಿದೇಶಿ ಫಂಡ್‌ನವರು ನೋಡುವ ನಿಫ್ಟಿ ಇದೇ ಅಲ್ವಾ, ಅವರ ಲಾಭ ನಷ್ಟ ರೂಪಾಯಿಯಲ್ಲಿ ಇಲ್ಲ. ನಾಲ್ಕನೆಯದು ಉದಯೋನ್ಮುಖ ಮಾರುಕಟ್ಟೆಗಳ ಇಟಿಎಫ್. ಡಾಲರ್ ಏರಿದಾಗ ಇದು ಬಿದ್ದಿದ್ದನ್ನು ನೋಡಿ "ಆಹಾ, ಎಂಥಾ ಉಲ್ಟಾ ಸಂಬಂಧ" ಅಂತ ಕುಣಿಯಬೇಡಿ. ಇದರ ಬೆಲೆಯೇ ಡಾಲರ್‌ನಲ್ಲಿದೆ. ಆ ದೇಶಗಳ ಶೇರುಗಳು ಇದ್ದಲ್ಲೇ ಇದ್ದು ಕರೆನ್ಸಿ ಮಾತ್ರ ಬಿದ್ದರೂ ಇದು ಬೀಳುತ್ತದೆ. ಆ ಸಂಬಂಧದಲ್ಲಿ ಅರ್ಧ ಬರೀ ಲೆಕ್ಕದ್ದು.

ಇನ್ನು ಎಫ್‌ಪಿಐ ಅಂಕಿ, ಅಂದರೆ ವಿದೇಶಿ ಹೂಡಿಕೆದಾರರು ಕೊಂಡಿದ್ದು ಮಾರಿದ್ದರ ಲೆಕ್ಕ. ಸಂಜೆ ಎಕ್ಸ್‌ಚೇಂಜ್ ಕೊಡುವ ಅಂಕಿ ತಾತ್ಕಾಲಿಕ. ಶೇರು ಡಿಪಾಸಿಟರಿ ಎನ್‌ಎಸ್‌ಡಿಎಲ್ ಕೊಡುವ ಅಂಕಿ ಪಕ್ಕಾ, ಆದರೆ ಒಂದು ದಿನ ತಡ: ಇವತ್ತು ಕಾಣೋದು ನಿನ್ನೆವರೆಗಿನ ವ್ಯವಹಾರ. ಎರಡರ ಮೊತ್ತ ಯಾಕೆ ಹೊಂದೋದಿಲ್ಲ ಅಂತ ಜಗಳ ಆಡುವವರಿದ್ದಾರೆ. 2024ರ ಅಕ್ಟೋಬರ್ ತಗೊಳ್ಳಿ. ಮಾರುಕಟ್ಟೆಯಲ್ಲಿ ವಿದೇಶಿಗರು ಮಾರಿದ್ದು ಸುಮಾರು ₹1.14 ಲಕ್ಷ ಕೋಟಿ. ಎನ್‌ಎಸ್‌ಡಿಎಲ್‌ನ ಒಟ್ಟು ಅಂಕಿ ಸುಮಾರು ₹94 ಸಾವಿರ ಕೋಟಿ ಮಾತ್ರ. ಮಧ್ಯದ ₹20 ಸಾವಿರ ಕೋಟಿ ಎಲ್ಲಿ ಹೋಯಿತು? ಪ್ರೈಮರಿ ಮಾರ್ಕೆಟ್, ಅಂದರೆ ಐಪಿಒ ಮತ್ತಿತರ ಕಡೆ ಖರೀದಿಗೆ. ಚಾರ್ಟ್ ನೋಡುವವನಿಗೆ ಎಕ್ಸ್‌ಚೇಂಜ್ ಕಾಲಂ ಮುಖ್ಯ, ಯಾಕೆಂದರೆ ನಿಫ್ಟಿಯ ಶೇರುಗಳ ಮೇಲೆ ಭಾರ ಬೀಳೋದು ಅಲ್ಲಿ. ಎನ್‌ಎಸ್‌ಡಿಎಲ್ ಸೈಟ್‌ನಲ್ಲಿ ಎಕ್ಸ್‌ಚೇಂಜ್, ಪ್ರೈಮರಿ ಎರಡೂ ಬೇರೆ ಬೇರೆ ಸಾಲಿನಲ್ಲೇ ಇರುತ್ತವೆ.

ಅದೇ ಅಕ್ಟೋಬರ್‌ನಿಂದ ಮುಂದಿನ ಮಾರ್ಚ್‌ವರೆಗಿನ ಚಾರ್ಟ್ ಪೂರ್ತಿ ಹೇಳುತ್ತೇನೆ. 2024ರ ಸೆಪ್ಟೆಂಬರ್ 18ಕ್ಕೆ ಫೆಡ್ ಬಡ್ಡಿ ಅರ್ಧ ಪರ್ಸೆಂಟ್ ಇಳಿಸಿತು. ಬಡ್ಡಿ ಇಳಿದರೆ ಡಾಲರ್ ಇಳಿಯಬೇಕು ಅಂತ ಎಲ್ಲರ ಲೆಕ್ಕ. ತಿಂಗಳ ಕೊನೆಗೆ ಇಂಡೆಕ್ಸ್ 100ರ ಹತ್ತಿರ ಇತ್ತು, ನಿಫ್ಟಿ 26,200 ದಾಟಿತ್ತು. ಆಮೇಲೆ ಆಗಿದ್ದೇ ಬೇರೆ. ಅಮೆರಿಕದ ಹತ್ತು ವರ್ಷದ ಬಾಂಡ್ ಇಳುವರಿ 3.7ರ ಆಸುಪಾಸಿನಿಂದ ಜನವರಿ ಮಧ್ಯದ ಹೊತ್ತಿಗೆ 4.8ರ ಹತ್ತಿರ ಹೋಯಿತು, ಡಾಲರ್ ಇಂಡೆಕ್ಸ್ 110 ಮುಟ್ಟಿತು. ನಾನು ಡಾಲರ್ ಚಾರ್ಟ್‌ಗೆ 20 ವಾರದ ಸರಾಸರಿ ಹಾಕಿಕೊಂಡಿರುತ್ತೇನೆ. ಅಕ್ಟೋಬರ್ ಕೊನೆಗೆ ವಾರದ ಕ್ಲೋಸ್ ಅದರ ಮೇಲೆ ನಿಂತಿತು, ಎಫ್‌ಪಿಐ ಮಾರಾಟವೂ ಜೋರಾಗಿತ್ತು. ಎರಡೂ ಸೇರಿದಾಗ ನಾನು ಮಾಡೋದು ಒಂದೇ: ನಿಫ್ಟಿಯಲ್ಲಿ ಬ್ರೇಕ್‌ಔಟ್ ಬಂದರೂ ಅರ್ಧ ಗಾತ್ರ ಮಾತ್ರ ತಗೊಳ್ಳೋದು, ಎಲ್ಲಿ ರೆಸಿಸ್ಟೆನ್ಸ್ ಇದೆಯೋ ಅಲ್ಲಿ ಲಾಭ ತೆಗೆದುಕೊಂಡು ಹೊರಬರೋದು. ಶಾರ್ಟ್ ಮಾಡೋದಿಲ್ಲ.

ಶಾರ್ಟ್ ಯಾಕೆ ಬೇಡ ಅಂದರೆ ಆ ಅಕ್ಟೋಬರೇ ಉತ್ತರ. ಅಷ್ಟು ಮಾರಾಟ ಬಂದರೂ ತಿಂಗಳಲ್ಲಿ ನಿಫ್ಟಿ ಇಳಿದಿದ್ದು ಶೇ. 6ರಷ್ಟು. ಇತ್ತ ದೇಶಿ ಸಂಸ್ಥೆಗಳು ಒಂದು ಲಕ್ಷ ಕೋಟಿಗಿಂತ ಜಾಸ್ತಿ ಕೊಂಡಿದ್ದವು, ಸಿಪ್ ಹಣ ಮೊದಲ ಸಲ ತಿಂಗಳಿಗೆ ₹25 ಸಾವಿರ ಕೋಟಿ ದಾಟಿದ್ದು ಕೂಡ ಆಗಲೇ. ಗಂಜ್‌ನಲ್ಲಿ ತೊಗರಿ ಆವಕ ದುಪ್ಪಟ್ಟಾದರೂ ಮಿಲ್‌ನವರು ಸಾಲಾಗಿ ನಿಂತು ಕೊಂಡರೆ ದರ ಎಷ್ಟು ಬಿದ್ದೀತು, ಹಾಗೆಯೇ ಇದು.

ಇಳಿಕೆ ಪೂರ್ತಿ ಅಳೆಯಬೇಕಾದರೆ ಆ ಮೂರನೇ ಚಾರ್ಟ್ ತೆಗೆಯಬೇಕು. 2024ರ ಸೆಪ್ಟೆಂಬರ್ 26ರ ಕ್ಲೋಸ್ 26,216, ರೂಪಾಯಿ 83.65ರ ಸುತ್ತ. ಭಾಗಿಸಿದರೆ 313. ಮಾರ್ಚ್ 4, 2025ರ ಕ್ಲೋಸ್ 22,082, ರೂಪಾಯಿ 87.3ರ ಸುತ್ತ. ಭಾಗಿಸಿದರೆ 253. ನಮಗೆ ಶೇ. 16ರಷ್ಟು ಇಳಿಕೆ, ವಿದೇಶಿಯವನಿಗೆ ಶೇ. 19ರ ಮೇಲೆ. ಇಲ್ಲೇ ಒಂದು ಸುತ್ತು ಹುಟ್ಟುತ್ತದೆ. ಅವನು ಮಾರಿ ಡಾಲರ್ ಒಯ್ಯುತ್ತಾನೆ, ರೂಪಾಯಿ ಇಳಿಯುತ್ತದೆ, ಇನ್ನೂ ಕೂತಿರುವವನ ನಷ್ಟ ಹೆಚ್ಚುತ್ತದೆ, ಅವನೂ ಎದ್ದು ಹೊರಡುತ್ತಾನೆ.

ತಿರುವು ಹೇಗೆ ಬಂತು ಅನ್ನೋದೂ ನೋಡಬೇಕು. ಡಾಲರ್ ಶಿಖರ ಜನವರಿ 13ರ ಸುಮಾರಿಗೆ. ನಿಫ್ಟಿಯ ತಳದ ಕ್ಲೋಸ್ ಮಾರ್ಚ್ 4ಕ್ಕೆ. ಮಧ್ಯೆ ಏಳು ವಾರ! ಫೆಬ್ರವರಿಯಲ್ಲಿ ಡಾಲರ್ 107ಕ್ಕೆ ಇಳಿದಿದ್ದರೂ ಮಾರಾಟ ನಿಂತಿರಲಿಲ್ಲ. ಡಾಲರ್ ಸ್ವಲ್ಪ ಇಳಿದ ಕೂಡಲೇ ಕೊಂಡವರಿಗೆ ಆ ತಿಂಗಳು ತುಂಬಾ ಉದ್ದ ಅನಿಸಿರಬೇಕು. ಮಾರ್ಚ್ ಮೊದಲ ವಾರ ಇಂಡೆಕ್ಸ್ 104ಕ್ಕೆ ಜಾರಿ 20 ವಾರದ ಸರಾಸರಿಗಿಂತ ಸ್ಪಷ್ಟವಾಗಿ ಕೆಳಗೆ ಮುಚ್ಚಿತು, ತಿಂಗಳ ಕೊನೆಯಲ್ಲಿ ಎಫ್‌ಪಿಐ ಕಾಲಂ ಹಸಿರಾಯಿತು. ನಾನು ಕಾಯೋದು ಈ ಎರಡನೆಯದಕ್ಕೆ. ತಳ ಸಿಗೋದಿಲ್ಲ, ಪರವಾಗಿಲ್ಲ.

ಇಷ್ಟಾದ ಮೇಲೆ 2025ರ ಉಳಿದ ಭಾಗ ಇದೆಯಲ್ಲ, ಅದು ಇಡೀ ಲೆಕ್ಕವನ್ನೇ ತಿರುಗಿಸಿ ಹಾಕುತ್ತದೆ. ಜುಲೈ ಶುರುವಿಗೆ ಡಾಲರ್ ಇಂಡೆಕ್ಸ್ 97ರ ಆಸುಪಾಸು. ಪುಸ್ತಕದ ಪ್ರಕಾರ ಹಣ ನಮ್ಮ ಕಡೆ ಹರಿದು ಬರಬೇಕು. ಉದಯೋನ್ಮುಖ ಮಾರುಕಟ್ಟೆಗಳ ಇಟಿಎಫ್ ಏರುತ್ತಲೇ ಇತ್ತು, ಕೊರಿಯಾ ತೈವಾನ್ ಓಡುತ್ತಿದ್ದವು, ನಮ್ಮಲ್ಲಿ ಮಾತ್ರ ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರೂ ತಿಂಗಳು ಮಾರಾಟ. ಶೇರುಗಳ ಬೆಲೆ ಮೊದಲೇ ದುಬಾರಿ, ಗಳಿಕೆ ಮಂದ, ಮೇಲೆ ಆಗಸ್ಟ್ 27ರಿಂದ ಅಮೆರಿಕದ ಶೇ. 50 ಸುಂಕ. ಡಾಲರ್ ಯೂರೋ ಎದುರು ಸೋತಿತ್ತು, ರೂಪಾಯಿ ಎದುರು ಗೆಲ್ಲುತ್ತಲೇ ಇತ್ತು.

ಹೀಗಾದಾಗ ಹಿಡಿಯೋದು ಹೇಗೆ? ನಾನು ಮೂರನೇ ಚಾರ್ಟನ್ನು ನಾಲ್ಕನೆಯದರಿಂದ ಭಾಗಿಸಿ ಇನ್ನೊಂದು ಗೆರೆ ಎಳೆಯುತ್ತೇನೆ. ಅದು ಇಳಿಯುತ್ತಿದ್ದರೆ ಹಣ ಬರುತ್ತಿದ್ದರೂ ಬೇರೆ ದೇಶಕ್ಕೆ ಬರುತ್ತಿದೆ ಅಂತ ಅರ್ಥ, ಆಗ ಡಾಲರ್ ಎಷ್ಟೇ ಇಳಿದರೂ ನಿಫ್ಟಿಯಲ್ಲಿ ಗಾತ್ರ ಹೆಚ್ಚಿಸೋದಿಲ್ಲ. ಆ ವರ್ಷ ಜುಲೈನಿಂದ ಸೆಪ್ಟೆಂಬರ್‌ವರೆಗೆ ಅದು ಇಳಿಯುತ್ತಲೇ ಇತ್ತು, ನಾನು ಅರ್ಧ ಗಾತ್ರದಲ್ಲೇ ಇದ್ದೆ.