ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ವೆಲ್ಡಿಂಗ್: ಹಾಟ್ ವರ್ಕ್ ಪರ್ಮಿಟ್ ಬರೆಯುವುದು ಹೇಗೆ?

ಕೊಯ್ಲಿನ ಕಾಲದಲ್ಲಿ ಕುಶಾಲನಗರದ ಕಡೆ, ಕಾಫಿಯ ಹೊಟ್ಟು ಬಿಡಿಸಿ ಬೀಜ ವಿಂಗಡಿಸುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿಯನ್ನು ಮೇಲಕ್ಕೆ ಸಾಗಿಸುವ ಬಕೆಟ್ ಎಲಿವೇಟರ್‌ನ ಇಳಿಜಾರು ತಗಡು ಸವೆದು ತೂತು ಬಿದ್ದಿದೆ ಎಂದುಕೊಳ್ಳೋಣ. ಒಂದು ತೇಪೆ ಹಾಕಿ ವೆಲ್ಡ್ ಮಾಡಿದರೆ ಮುಗಿಯುವ ಕೆಲಸವಿದು. ಆದರೆ ತೊಲೆಗಳ ಮೇಲೆ ಹೊಟ್ಟಿನ ಧೂಳು ಕೂತಿರುತ್ತದೆ, ಕೆಳಗೆ ಗೋಣಿಚೀಲಗಳ ರಾಶಿಯಿರುತ್ತದೆ, ಎಲಿವೇಟರ್‌ನೊಳಗೆ ರಬ್ಬರ್ ಬೆಲ್ಟ್ ಇರುತ್ತದೆ. ಆದ್ದರಿಂದ ಹಾಟ್ ವರ್ಕ್ ಪರ್ಮಿಟ್, ಅಂದರೆ ಕಿಡಿ ಅಥವಾ ಬೆಂಕಿ ಏಳುವ ಕೆಲಸಕ್ಕೆ ಕೊಡುವ ಲಿಖಿತ ಅನುಮತಿ, ಇಲ್ಲದೆ ಇಲ್ಲಿ ಗ್ರೈಂಡರ್ ಕೂಡ ಚಾಲೂ ಆಗಬಾರದು.

ಮೊದಲು ಕೇಳಬೇಕಾದ ಪ್ರಶ್ನೆ, ಈ ಕೆಲಸವನ್ನು ಇಲ್ಲಿಯೇ ಮಾಡಬೇಕೇ ಎಂಬುದು. ಬೋಲ್ಟ್ ಬಿಚ್ಚಿ ತಗಡನ್ನು ಹೊರಗಿನ ಶೆಡ್‌ಗೆ ಒಯ್ಯಲು ಸಾಧ್ಯವಿದ್ದರೆ ಅಪಾಯದ ಬಹುಪಾಲು ಅಲ್ಲಿಗೇ ಕಳೆಯುತ್ತದೆ. ಸಾಧ್ಯವಿಲ್ಲ ಎಂದಾದರೆ ಮಾತ್ರ, ಏಕೆ ಸಾಧ್ಯವಿಲ್ಲ ಎಂಬ ಕಾರಣದೊಂದಿಗೆ, ಪರ್ಮಿಟ್ ಬರೆಯಲು ಕೂರಬೇಕು. ಕೆಲಸದ ವಿವರದಲ್ಲಿ 'ವೆಲ್ಡಿಂಗ್ ಕೆಲಸ' ಎಂದಷ್ಟೇ ಬರೆದರೆ ಆ ಕಾಗದದಿಂದ ಪ್ರಯೋಜನವಿಲ್ಲ. 'ಎರಡನೇ ಮಹಡಿ, ಎಲಿವೇಟರ್‌ನ ಇಳಿಜಾರು ತಗಡು, ಗ್ರೈಂಡಿಂಗ್ ಮತ್ತು ಆರ್ಕ್ ವೆಲ್ಡಿಂಗ್, ಮಧ್ಯಾಹ್ನ 2ರಿಂದ 4ರವರೆಗೆ' ಎಂದು ಬರೆದಾಗಲೇ ಅನುಮತಿ ಯಾವುದಕ್ಕೆ ಸಿಕ್ಕಿದೆ, ಯಾವುದಕ್ಕೆ ಸಿಕ್ಕಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಅಪಾಯಗಳ ಭಾಗವನ್ನು ಕಚೇರಿಯಲ್ಲಿ ಕೂತು ತುಂಬಬಾರದು. ಸ್ಥಳದಲ್ಲಿ ನಿಂತು ಮೇಲೆ, ಕೆಳಗೆ, ತಗಡಿನ ಆಚೆ ಬದಿಗೆ, ಹೀಗೆ ಮೂರೂ ಕಡೆ ನೋಡಿ ಬರೆಯಬೇಕು. ತೊಲೆಯ ಮೇಲಿನ ಧೂಳು ಗಾಳಿಗೆ ಎದ್ದು ಕಿಡಿ ತಗುಲಿದರೆ ಒಮ್ಮೆಲೇ ಭುಗಿಲೇಳಬಹುದು. ಮಹಡಿಯ ಸಂದುಗಳಲ್ಲಿ ಇಳಿದ ಕಿಡಿ ಕೆಳಗಿನ ಚೀಲಗಳ ಮೇಲೆ ಬೀಳುತ್ತದೆ. ತಗಡಿನ ಮೂಲಕ ಹರಿಯುವ ಕಾವು ಆಚೆ ಬದಿಯ ಹೊಟ್ಟನ್ನು ಯಾರ ಕಣ್ಣಿಗೂ ಬೀಳದಂತೆ ಹೊತ್ತಿಸುತ್ತದೆ. ಎಲಿವೇಟರ್‌ನೊಳಗೆ ಬೆಂಕಿ ಬಿದ್ದರೆ ಅದರ ಎತ್ತರದ ಪೆಟ್ಟಿಗೆ ಹೊಗೆಕೊಳವೆಯಂತೆ ಗಾಳಿಯನ್ನು ಮೇಲಕ್ಕೆಳೆಯುತ್ತದೆ.

ಮುನ್ನೆಚ್ಚರಿಕೆಗಳು ಈ ಅಪಾಯಗಳಿಂದಲೇ ಹುಟ್ಟಬೇಕು. ಎಲಿವೇಟರ್ ಮತ್ತು ಅದಕ್ಕೆ ಕಾಫಿ ಕೊಡುವ ಯಂತ್ರಗಳನ್ನು ನಿಲ್ಲಿಸಿ, ಮೇನ್ ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೈಯನ್ನು ಕೆಲಸ ಮಾಡುವವರ ಬಳಿಯೇ ಇಡಬೇಕು. ಸುತ್ತ 35 ಅಡಿ, ಅಂದರೆ ಸುಮಾರು 11 ಮೀಟರ್ ದೂರದವರೆಗೆ ಉರಿಯುವ ವಸ್ತುಗಳನ್ನು ತೆಗೆಯಬೇಕು. ತೆಗೆಯಲಾಗದ್ದನ್ನು ಬೆಂಕಿ ತಾಳುವ ಹೊದಿಕೆಯಿಂದ ಮುಚ್ಚಬೇಕು. ಪ್ಲಾಸ್ಟಿಕ್ ಟಾರ್ಪಾಲು ಇದಕ್ಕೆ ಸಲ್ಲದು, ಅದೇ ಹೊತ್ತಿಕೊಳ್ಳುತ್ತದೆ. ಧೂಳನ್ನು ಏರ್ ಕಂಪ್ರೆಸರ್‌ನಿಂದ ಊದಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಸ್ಫೋಟಕ್ಕೆ ಬೇಕಾದ ಧೂಳಿನ ಮೋಡವನ್ನು ನಾವೇ ಎಬ್ಬಿಸಿದಂತಾಗುವುದರಿಂದ ಅದನ್ನು ಖಂಡಿತ ಬಿಡಬೇಕು, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ವೆಲ್ಡಿಂಗ್ ಯಂತ್ರದ ಅರ್ಥ್ ಕ್ಲಾಂಪನ್ನು ತೇಪೆಯ ಹತ್ತಿರವೇ ಕಚ್ಚಿಸಬೇಕು, ಇಲ್ಲವಾದರೆ ಕರೆಂಟ್ ಬೇರಿಂಗ್‌ಗಳ ಮೂಲಕ ದಾರಿ ಹುಡುಕಿ ಅಲ್ಲಿ ಕಿಡಿ ಎಬ್ಬಿಸಬಹುದು.

ಸಹಿ ಮಾಡುವವರು ಕನಿಷ್ಠ ಮೂವರು: ಆ ವಿಭಾಗದ ಮೇಲ್ವಿಚಾರಕರು, ಪರ್ಮಿಟ್ ಕೊಡುವ ಅಧಿಕಾರಿ ಮತ್ತು ಕೆಲಸ ಮಾಡಿಸುವ ಗುತ್ತಿಗೆದಾರರ ಕಡೆಯವರು. ಕೊಡುವವರೂ ಪಡೆಯುವವರೂ ಒಬ್ಬರೇ ಆಗಬಾರದು. ಇವರ ಜೊತೆಗೆ ಬೆಂಕಿ ಕಾವಲಿಗೆ ಒಬ್ಬರ ಹೆಸರು ಬರೆಯಬೇಕು, ಅವರಿಗೆ ರಾಡ್ ಎತ್ತಿಕೊಡುವಂತಹ ಬೇರೆ ಕೆಲಸ ಹಚ್ಚಬಾರದು. ಕೆಳಗಿನ ಮಹಡಿ ಇವರಿಗೆ ಕಾಣದಿದ್ದರೆ ಅಲ್ಲಿಗೆ ಇನ್ನೊಬ್ಬರು ಬೇಕು. ಕರೆಂಟ್ ಹೋಗಿ ಕೆಲಸ 4 ಗಂಟೆಯ ಆಚೆ ಎಳೆದರೆ, ಹಳೆಯ ಕಾಗದದ ಮೇಲೆ ಸಮಯ ತಿದ್ದುವಂತಿಲ್ಲ. ಸ್ಥಳವನ್ನು ಮತ್ತೆ ನೋಡಿ, ಮತ್ತೆ ಸಹಿ ಮಾಡಬೇಕು.

ನಾನು ಹೆಚ್ಚು ಒತ್ತಿ ಹೇಳಬೇಕಾದದ್ದು ಪರ್ಮಿಟ್ ಮುಕ್ತಾಯದ ಬಗ್ಗೆ. ಹೊಟ್ಟಿನೊಳಗೆ ಬಿದ್ದ ಕಿಡಿ ಜ್ವಾಲೆಯಿಲ್ಲದೆ ಒಳಗೊಳಗೇ ಕನಲುತ್ತದೆ, ವೆಲ್ಡರ್ ಮನೆ ಸೇರಿದ ಮೇಲೆ ಬೆಂಕಿಯಾಗಿ ಹೊರಬರುತ್ತದೆ. ಕೊನೆಯ ಕಿಡಿ ಹಾರಿದ ಹೊತ್ತನ್ನು ಬರೆದುಕೊಂಡು, ಅಲ್ಲಿಂದ ಕನಿಷ್ಠ 1 ಗಂಟೆ ಕಾವಲುಗಾರರು ಸ್ಥಳ ಬಿಟ್ಟು ಕದಲಬಾರದು. ಹೊಟ್ಟಿನಂತಹ ವಸ್ತುವಿರುವಲ್ಲಿ ಅದಾದ ಮೇಲೂ 3 ಗಂಟೆ ಆಗಾಗ ಬಂದು ನೋಡುವುದು ಒಳ್ಳೆಯದು. ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ: ಸುಟ್ಟ ವಾಸನೆ ಬಂದರೆ ಹೊಟ್ಟನ್ನು ಕೆದಕಬಾರದು, ರಭಸದ ನೀರೂ ಹಾಯಿಸಬಾರದು, ಎರಡರಿಂದಲೂ ಧೂಳು ಏಳುತ್ತದೆ. ನೀರನ್ನು ಮೆಲ್ಲಗೆ ಸಿಂಪಡಿಸಿ, ತೊಯ್ದ ಮೇಲೆಯೇ ಹೊರತೆಗೆಯಬೇಕು, ಅಗ್ನಿಶಾಮಕ ದಳಕ್ಕೆ ಆಗಲೇ ಕರೆ ಹೋಗಿರಬೇಕು.

ಕಾವಲಿನ ಅವಧಿ ಮುಗಿದ ಮೇಲೆ ಪಡೆದವರು 'ಕೆಲಸ ಮುಗಿದಿದೆ, ಸಾಮಾನು ತೆಗೆದಿದೆ' ಎಂದು ಸಹಿ ಮಾಡುತ್ತಾರೆ. ಕೊಟ್ಟವರು ಆ ಮಾತನ್ನು ನಂಬಿ ಸಹಿ ಹಾಕದೆ, ಕೆಳಗಿನ ಮಹಡಿಯನ್ನೂ ಎಲಿವೇಟರ್‌ನ ಬುಡವನ್ನೂ ಸ್ವತಃ ನೋಡಿ, ತಗಡು ಕೈಗೆ ತಣ್ಣಗಿದೆಯೇ ಎಂದು ಮುಟ್ಟಿ ಪರೀಕ್ಷಿಸಿ, ಆಮೇಲೆ ಪರ್ಮಿಟ್ ಮುಚ್ಚಬೇಕು. ಸ್ವಿಚ್ಚಿನ ಬೀಗ ತೆಗೆಯುವುದು ಈ ಸಹಿಯ ನಂತರವೇ, ಏಕೆಂದರೆ ಬುಡದಲ್ಲಿ ಕನಲುತ್ತಿರುವ ಕೆಂಡವೊಂದು ಉಳಿದಿದ್ದರೆ ತಿರುಗುವ ಬಕೆಟ್‌ಗಳು ಅದಕ್ಕೆ ಗಾಳಿ ಹಾಕಿ ಮೇಲಿನ ಮಹಡಿಯವರೆಗೂ ಕೊಂಡೊಯ್ಯುತ್ತವೆ.