ಇಳಕಲ್ ಸೀರೆಯ ಕೊಂಡಿಯನ್ನು ಚೀನೀ ಭಾಷೆಯಲ್ಲಿ ಹೇಳಿದ್ದು

ಶೆನ್‌ಜೆನ್‌ನಲ್ಲಿ ಕೆಲಸ ಮಾಡುವಾಗ ಕಲಿತ ಚೀನೀ ಭಾಷೆ ಇಂಥ ಕೆಲಸಕ್ಕೆ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಅಲ್ಲಿನ ಗೆಳತಿಯೊಬ್ಬಳು ತಾವೋಬಾವ್ ಎಂಬ ಚೀನಾದ ಆನ್‌ಲೈನ್ ಮಾರುಕಟ್ಟೆಯಲ್ಲಿ ಪುಟ್ಟ ಅಂಗಡಿ ನಡೆಸುತ್ತಾಳೆ. ಇಳಕಲ್ಲಿನ ಕೈಮಗ್ಗದ ರೇಷ್ಮೆ ಸೀರೆಗಳನ್ನು ಮಾರಲು ಹೊರಟಾಗ, ವಿವರಣೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ತಪ್ಪು ನನ್ನದೇ. ಸೀರೆಗಳಲ್ಲಿ ಎರಡು ಬಗೆ ಇತ್ತು. ಒಂದು ಪೂರ್ತಿ ರೇಷ್ಮೆ. ಇನ್ನೊಂದರ ಒಡಲು ರೇಷ್ಮೆ, ಸೆರಗು ಮಾತ್ರ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ. ಅವಸರದಲ್ಲಿ ಇಂಗ್ಲಿಷ್ ಪಟ್ಟಿಯನ್ನು ಅನುವಾದದ ಆ್ಯಪ್‌ಗೆ ಹಾಕಿದೆ. ಅದು ಆರ್ಟ್ ಸಿಲ್ಕನ್ನು 艺术丝绸 ಅಂತ ಮಾಡಿತು, ಅಂದರೆ 'ಕಲಾತ್ಮಕ ರೇಷ್ಮೆ'! ಕಡಿಮೆ ಬೆಲೆಯ ನೂಲಿಗೆ ರೇಷ್ಮೆಗಿಂತ ದೊಡ್ಡ ಹೆಸರು. ಗೆಳತಿ ನೋಡಿ ನಕ್ಕಳು, ಆಮೇಲೆ ಗಾಬರಿಯಾದಳು. ಅಸಲು ರೇಷ್ಮೆಗೆ 桑蚕丝, ಕೃತಕ ನೂಲಿಗೆ 人造丝 ಅಂತ ಬರೆಯಬೇಕು. ಒಡಲು, ಸೆರಗು, ಅಂಚು ಮೂರಕ್ಕೂ ಬೇರೆ ಬೇರೆ ಸಾಲು ಮಾಡಿದೆ. ಇಡೀ ಸೀರೆಗೆ ಒಂದೇ ಮಾತು ಹೇಳಿದರೆ ಅದು ಸುಳ್ಳಾಗುತ್ತದೆ, ಅಲ್ವಾ?

ಇನ್ನು ಕೊಂಡಿ. ನಿಜವಾಗಿ ಬೆವರಿಳಿಸಿದ್ದು ಇದೇ. ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳೇ ಹಾಸು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡೂ ಸೇರುವಲ್ಲಿ ಒಂದೊಂದೇ ಎಳೆಯನ್ನು ಕುಣಿಕೆಯ ಹಾಗೆ ಒಂದಕ್ಕೊಂದು ಸಿಕ್ಕಿಸುತ್ತಾರೆ. ಇದೇ ಕೊಂಡಿ. ಇದನ್ನು ನೇಯುವ ಮೊದಲೇ ಕೈಯಲ್ಲಿ ಮಾಡುತ್ತಾರೆ. ಅದಕ್ಕೇ ಪ್ರತಿ ಸೀರೆಗೂ ಹಾಸನ್ನು ಬೇರೆಯಾಗಿ ಹೂಡಬೇಕು. ಸೇರಿದ ಜಾಗದಲ್ಲಿ ಅಡ್ಡಕ್ಕೆ ಸಣ್ಣದೊಂದು ಗೆರೆ ಕಾಣುತ್ತದೆ.

ಅದಕ್ಕೆ ನಾನು ಮೊದಲು 拼接 ಅಂತ ಬರೆದೆ. ತುಂಡುಗಳನ್ನು ಜೋಡಿಸಿದ್ದು ಅಂತ ಅರ್ಥ. ಒಬ್ಬಾಕೆ ಸೀರೆ ಕೈಗೆ ಬಂದ ಮೇಲೆ ಆ ಗೆರೆಯ ಫೋಟೊ ಕಳಿಸಿ, ಎರಡು ಬಟ್ಟೆ ಹೊಲಿದು ಒಂದು ಅಂತ ಮಾರಿದ್ದೀರಿ ಅಂದಳು. ನನ್ನ ಪದವೇ ಹಾಗೆ ಹೇಳುತ್ತಿತ್ತು, ಅವಳ ತಪ್ಪೇನಿದೆ?

ಆಗ ಗೆಳತಿ, 'ಕ-ಸ್ಸು ಅಂತ ಬರೆದುಬಿಡು, ಎಲ್ಲರಿಗೂ ಗೊತ್ತು' ಅಂದಳು. ಕ-ಸ್ಸು, ಅಂದರೆ 缂丝, ಅಲ್ಲಿನ ಹಳೆಯ, ತುಂಬಾ ಬೆಲೆಬಾಳುವ ನೇಯ್ಗೆ. ಆಸೆಯಾಯಿತು, ಆದರೆ ಒಪ್ಪಲಿಲ್ಲ. ಕ-ಸ್ಸುವನ್ನು ವಿವರಿಸಲು ಅವರಲ್ಲಿ ನಾಲ್ಕು ಅಕ್ಷರದ ಮಾತಿದೆ: 通经断纬. ಹಾಸು ಕೊನೆತನಕ ಒಂದೇ, ಅಡ್ಡಕ್ಕೆ ನೇಯುವ ಎಳೆ, ಅಂದರೆ ಹೊಕ್ಕು, ಮಾತ್ರ ಬಣ್ಣ ಬದಲಾಗುವಲ್ಲಿ ನಿಂತು ತಿರುಗುತ್ತದೆ. ನಮ್ಮದರಲ್ಲಿ ನಡುವೆ ಮುಗಿದು ಬದಲಾಗುವುದು ಹಾಸೇ! ಆದರೆ ಆ ಹೋಲಿಕೆಯಿಂದಲೇ ದಾರಿ ಸಿಕ್ಕಿತು. ಹೀಗೆ ಬರೆದೆ: ಕ-ಸ್ಸುವಿನಲ್ಲಿ ಹೊಕ್ಕು ಬದಲಾಗುತ್ತದೆ, ಇಲ್ಲಿ ಹಾಸು ಬದಲಾಗುತ್ತದೆ, ಹಳೆಯ ಎಳೆಯೂ ಹೊಸ ಎಳೆಯೂ 互相套住, ಒಂದನ್ನೊಂದು ಕುಣಿಕೆಯಲ್ಲಿ ಹಿಡಿದಿವೆ, ಹೊಲಿಗೆ ಇಲ್ಲ.

ಇಷ್ಟೆಲ್ಲಾ ಕಷ್ಟ ಯಾಕೆ ಅನ್ನುವುದಕ್ಕೂ ಒಂದು ಸಾಲು ಬೇಕಿತ್ತು. ಹಾಸು ಬದಲಿಸದೆ ಹೊಕ್ಕು ಮಾತ್ರ ಕೆಂಪಾದರೆ, ಒಡಲಿನ ಬಣ್ಣ ಸೆರಗಿನಲ್ಲಿ ಇಣುಕುತ್ತದೆ, ಕೆಂಪು ಮಂಕಾಗುತ್ತದೆ. ಕೊಂಡಿ ಹಾಕಿದ ಸೆರಗಿನ ಕೆಂಪು ಭಾಗದಲ್ಲಿ ಎರಡೂ ಎಳೆ ಕೆಂಪು. ಸೆರಗಿನ ತುದಿಯ ಕುಚ್ಚಿನಲ್ಲಿ ಬಿಟ್ಟ ಎಳೆ ನೋಡಿದರೆ ಗೊತ್ತಾಗುತ್ತದೆ. ಫೋಟೊಗಳಲ್ಲಿ ಮೂರನೆಯದಾಗಿ ಹಿಂಬದಿಯ ಹತ್ತಿರದ ಚಿತ್ರ ಹಾಕಿದೆ, ಗೆರೆಯ ಪಕ್ಕದಲ್ಲಿ ಬಾಣದ ಗುರುತಿನೊಂದಿಗೆ. ಅಲ್ಲಿನವರು ಮೊಬೈಲಿನಲ್ಲಿ ಚಿತ್ರ ಸರಿಸುತ್ತಾ ಓದುತ್ತಾರೆ, ಉದ್ದದ ಪ್ಯಾರಾ ಬರೆದರೆ ಸುಮ್ನೆ ದಾಟಿಬಿಡುತ್ತಾರೆ.

ಇನ್ನೊಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿತ್ತು: ಎಷ್ಟು ಮೊಮ್ಮೆ? ರೇಷ್ಮೆಯ ದಪ್ಪವನ್ನು ಅವರು ಹಾಗೆ ಅಳೆಯುತ್ತಾರೆ. ಒಂದು ಚದರ ಮೀಟರಿಗೆ ಸುಮಾರು 4.34 ಗ್ರಾಂ ತೂಗಿದರೆ ಒಂದು ಮೊಮ್ಮೆ. ನಮ್ಮ ನೇಕಾರರಿಗೆ ಇದು ಗೊತ್ತಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ಪೂರ್ತಿ ರೇಷ್ಮೆ ಸೀರೆಯೊಂದನ್ನು ತೂಗಿದೆ, 520 ಗ್ರಾಂ ಬಂತು. ಉದ್ದ 5.5 ಮೀಟರ್, ಅಗಲ 1.15 ಮೀಟರ್. ಲೆಕ್ಕ ಹಾಕಿದರೆ ಸುಮಾರು 19 ಮೊಮ್ಮೆ. ಅಂಚು ಮತ್ತು ಸೆರಗು ದಟ್ಟವಾಗಿರುವುದರಿಂದ ಇದು ಸರಾಸರಿ ಅಂತ ಪಕ್ಕದಲ್ಲೇ ಬರೆದೆ. ಸೀರೆಗೆ ಸೀರೆಗೆ ತೂಕ ಬದಲಾಗುತ್ತದೆ, ಹಾಗಾಗಿ ಪ್ರತಿಯೊಂದನ್ನೂ ತೂಗುತ್ತೇನೆ.

ನನ್ನ ಮೊದಲ ಸಾಲಿನಲ್ಲಿ 'ಅತ್ಯುತ್ತಮ' ಅಂತ ಇತ್ತು. ಗೆಳತಿ ಅಳಿಸಿದಳು. 2015ರಲ್ಲಿ ತಿದ್ದಿದ ಅಲ್ಲಿನ ಜಾಹೀರಾತು ಕಾನೂನಿನ 9ನೇ ಕಲಮಿನಲ್ಲಿ 最佳 (ಅತ್ಯುತ್ತಮ) ಎಂಬ ಪದಕ್ಕೇ ನಿಷೇಧ. ಒಳ್ಳೆಯದೇ ಆಯಿತು, ಆ ಜಾಗಕ್ಕೆ ಕೊಂಡಿಯ ಸಾಲು ಬಂತು.

ಹೊಸ ವಿವರಣೆ ಹಾಕಿದ ಮೇಲೆ ಹೊಲಿಗೆಯ ದೂರು ಮತ್ತೆ ಬಂದಿಲ್ಲ. ಈಗ ಬರುವ ಪ್ರಶ್ನೆ ಬೇರೆ: ಇದಕ್ಕೆ ಗುಂಡಿ ಎಲ್ಲಿದೆ, ತೊಡುವುದು ಹೇಗೆ? ನೆರಿಗೆ ಹಿಡಿಯುವುದನ್ನು ಚೀನೀ ಭಾಷೆಯಲ್ಲಿ ಹೇಳಲು ಹೊರಟಿದ್ದೇನೆ, ಇನ್ನೂ ಮುಗಿದಿಲ್ಲ.